ಸೀಲ್ ಒಡೆದಿರಲಿಲ್ಲ ಎಂದಷ್ಟೇ ಬರೆಯಿರಿ

ಪ್ರಶ್ನೆ: ನಾನು ಸರಕು ಸಾಗಣೆ ಕಂಪನಿಯೊಂದರಲ್ಲಿ ಕಂಟೇನರ್ ಲಾರಿ ಓಡಿಸುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು. ಸಹಿ ಮಾಡುತ್ತೇನೆ, ರಸ್ತೆ ಬದಿಯ ಬೋರ್ಡು ಓದಿಕೊಳ್ಳುತ್ತೇನೆ, ಅಷ್ಟೇ. ಇದನ್ನು ಬರೆಯುತ್ತಿರುವುದು ಒಂಬತ್ತನೇ ಕ್ಲಾಸಿನ ನನ್ನ ಮಗಳು. ಜನವರಿ 12ರಂದು ಹುಬ್ಬಳ್ಳಿಯಲ್ಲಿ ಲೋಡ್ ಮಾಡಿಕೊಂಡು ಮರುದಿನ ಬೆಳಿಗ್ಗೆ ಬೆಂಗಳೂರಿನ ಗೋಡೌನಿಗೆ ಹೋದೆ. ಇಳಿಸಿದಾಗ ಎರಡು ಬಾಕ್ಸ್ ಕಡಿಮೆ ಬಂತು. ಸೀಲ್ ಹಾಗೆಯೇ ಇತ್ತು. ಆದರೂ ಸಂಬಳದಲ್ಲಿ ₹6,840 ಹಿಡಿದರು. ಆಫೀಸಿನಲ್ಲಿ ಕೇಳಿದರೆ ‘ಬರೆದು ಕೊಡು’ ಅಂದರು. ಮಗಳು ಎರಡು ಪುಟ ಬರೆದಿದ್ದಾಳೆ, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಕೊಡಬಹುದೇ? ಕೊಟ್ಟರೆ ಕೆಲಸದಿಂದ ತೆಗೆಯುತ್ತಾರಾ ಅನ್ನುವ ಹೆದರಿಕೆಯೂ ಇದೆ.
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಚಿಂತೆ ಎರಡು. ಮಾಡದ ತಪ್ಪಿಗೆ ಹಣ ಹೋಯಿತು ಅನ್ನುವುದು ಒಂದು, ಅದನ್ನು ಕೇಳಿದರೆ ಕೆಲಸವೂ ಹೋದೀತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಮಾಧಾನದ ಮಾತು ಹೇಳಬಲ್ಲೆ. ನೀವು ಕಳಿಸಿರುವ ನಕಲುಗಳನ್ನು ನೋಡಿದೆ, ಅವು ನಿಮ್ಮ ಪರವಾಗಿಯೇ ಇವೆ. ಪತ್ರ ಬರೆಯಲು ಕಂಪನಿಯೇ ಹೇಳಿರುವುದರಿಂದ ಕೊಡುವುದರಲ್ಲಿ ಉದ್ಧಟತನವೇನೂ ಇಲ್ಲ.

ಎರಡನೆಯ ಹೆದರಿಕೆಯನ್ನು ಸುಳ್ಳು ಎನ್ನಲಾರೆ. ಪತ್ರ ಕೊಟ್ಟವರಿಗೆ ಒಂದೆರಡು ವಾರ ಒಳ್ಳೆಯ ಟ್ರಿಪ್ ಸಿಗದೆ ಹೋಗುವುದು ನಿಮ್ಮ ಕಸುಬಿನಲ್ಲಿ ಇಲ್ಲದ್ದಲ್ಲ. ಹಾಗಾಗಿ ಪತ್ರ ಕೊಡುವ ಮೊದಲೇ ಸಂಬಳ ಚೀಟಿ, ಕಂಪನಿಯ ಗುರುತಿನ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಪುಟ, ಹಿಂದಿನ ಟ್ರಿಪ್‌ಗಳ ಕಾಗದ ಇವೆಲ್ಲದರ ಒಂದೊಂದು ನಕಲು ಮನೆಯಲ್ಲಿ ಇರಲಿ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೆ ಗಾಡಿಯ ಕೀಲಿ ವಾಪಸು ಪಡೆದ ದಿನ ಅವೂ ಹೋಗುತ್ತವೆ. ನೀವು ಅಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವುದಕ್ಕೆ ನಿಮ್ಮ ಬಳಿ ದಾಖಲೆ ಇದ್ದರೆ, ಮುಂದೆ ಏನೇ ಆದರೂ ಮಾತಾಡಲು ನೆಲೆ ಇರುತ್ತದೆ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮ ವಶಕ್ಕೆ ಕೊಟ್ಟ ಸರಕು ನಿಮ್ಮದೇ ಅಲಕ್ಷ್ಯದಿಂದ ಕಳೆದುಹೋದರೆ ಮಾತ್ರ ಸಂಬಳದಲ್ಲಿ ಅದರ ಹಣ ಹಿಡಿಯಬಹುದು. ನಷ್ಟ ಎಷ್ಟೋ ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಮುಖ್ಯವಾಗಿ, ಹಿಡಿಯುವ ಮೊದಲು ‘ನಿನ್ನದೇನು ಹೇಳಿಕೆ?’ ಎಂದು ನಿಮ್ಮನ್ನು ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದ ಈ ಮಾತು 2019ರ ವೇತನ ಸಂಹಿತೆಯಲ್ಲೂ (ಸಂಬಳದ ನಾಲ್ಕು ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನು) ಉಳಿದುಕೊಂಡಿದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನಿಮ್ಮನ್ನು ಯಾರೂ ಕೇಳಲಿಲ್ಲ, ಸಂಬಳ ಚೀಟಿ ನೋಡಿದಾಗಲೇ ಗೊತ್ತಾಯಿತು ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಬರಲೇಬೇಕಾದ ಒಂದು ವಾಕ್ಯ ಅದು.

ಆದರೆ ಪತ್ರದಲ್ಲಿ ಈ ಕಾಯ್ದೆಗಳ ಹೆಸರು ಬೇಡ. ಯಾರೋ ವಕೀಲರು ಹಿಂದೆ ನಿಂತು ಬರೆಸಿದ್ದಾರೆ ಎಂದು ಮ್ಯಾನೇಜರಿಗೆ ಅನಿಸಿದರೆ ಪತ್ರ ಕಾನೂನು ವಿಭಾಗಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಮೊದಲ ಪತ್ರದ ಕೆಲಸ ಲೆಕ್ಕದ ಮೇಜಿನಲ್ಲೇ ತಪ್ಪನ್ನು ಸರಿ ಮಾಡಿಸುವುದು.

ಈಗ ಮಗಳು ಬರೆದ ಎರಡು ಪುಟಕ್ಕೆ ಬರೋಣ. ಅಕ್ಷರ ಮುದ್ದಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ. ಆದರೂ ಅದನ್ನು ಹಾಗೆಯೇ ಕೊಡಬೇಡಿ. ಅದರಲ್ಲಿರುವ ಮೂರು ವಾಕ್ಯಗಳು ನಿಮಗೇ ತಿರುಗುಬಾಣವಾಗುತ್ತವೆ.

ಮೊದಲ ಪುಟದಲ್ಲಿ ‘ನಾನು ಎಲ್ಲಾ ಸರಕನ್ನೂ ಸುರಕ್ಷಿತವಾಗಿ ತಲುಪಿಸಿರುತ್ತೇನೆ’ ಎಂದಿದೆ. ನೀವು ಹಾಗೆ ಹೇಳಿದಿರಾ? ನನಗೆ ಅನುಮಾನ. ಲೋಡ್ ಮಾಡುವಾಗ ನಿಮ್ಮನ್ನು ಗೇಟಿನ ಹೊರಗೆ ಕೂರಿಸಿದ್ದರು, ಬಾಕ್ಸ್ ಎಣಿಸಲು ಬಿಡಲಿಲ್ಲ ಎಂದು ನೀವೇ ಇನ್ನೊಂದು ಚೀಟಿಯಲ್ಲಿ ಬರೆಸಿದ್ದೀರಿ. ಎಣಿಸದವರು ‘ಎಲ್ಲಾ ತಲುಪಿಸಿದೆ’ ಎಂದು ಹೇಗೆ ಹೇಳುತ್ತೀರಿ? ಅದೂ ಅಲ್ಲದೆ ಬೆಂಗಳೂರಿನವರು ಪಿಒಡಿ (ಸರಕು ತಲುಪಿದ್ದಕ್ಕೆ ಪಡೆದವರು ಸಹಿ ಹಾಕಿ ಕೊಡುವ ಪ್ರತಿ) ಮೇಲೆ ಎರಡು ಬಾಕ್ಸ್ ಕಡಿಮೆ ಎಂದು ಬರೆದಿದ್ದಾರೆ. ನಿಮ್ಮ ಪತ್ರ ಒಂದು ಹೇಳಿ, ನೀವೇ ತಂದುಕೊಟ್ಟ ಪಿಒಡಿ ಇನ್ನೊಂದು ಹೇಳಿದರೆ ಓದುವವರು ಪತ್ರವನ್ನು ಪಕ್ಕಕ್ಕಿಡುತ್ತಾರೆ. ಕಡಿಮೆ ಬಂದದ್ದು ನಿಜ ಎಂದು ಒಪ್ಪಿಕೊಳ್ಳಿ. ಅದು ನಿಮ್ಮ ಕೈಯಲ್ಲಿ ಕಡಿಮೆಯಾದದ್ದಲ್ಲ ಅನ್ನುವುದೇ ನಿಮ್ಮ ವಾದ.

ಎರಡನೇ ಪುಟದಲ್ಲಿ ‘ನಿಮ್ಮ ಹಮಾಲರೇ ಕದ್ದಿದ್ದಾರೆ’ ಎಂದಿದೆ. ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಅದನ್ನು ಕಣ್ಣಾರೆ ಕಂಡಿಲ್ಲ. ಬರೆದುಬಿಟ್ಟರೆ ನಾಳೆ ‘ಯಾರು, ಯಾವಾಗ, ತೋರಿಸು’ ಎಂದು ಕೇಳುತ್ತಾರೆ. ಹಣದ ಮಾತು ಅಲ್ಲಿಗೇ ನಿಂತು, ಮುಂದಿನ ಲೋಡಿಗೆ ಅದೇ ಹಮಾಲರ ಮುಂದೆ ನೀವು ನಿಲ್ಲಬೇಕಾಗುತ್ತದೆ. ಬಾಕ್ಸ್ ಎಲ್ಲಿ ಹೋಯಿತು ಎಂದು ಹುಡುಕುವುದು ಕಂಪನಿಯ ಕೆಲಸ.

ಮೂರನೆಯದು ಕೊನೆಯ ಸಾಲು: ‘ನನ್ನಿಂದ ತಪ್ಪಾಗಿದ್ದರೆ ದಯಮಾಡಿ ಕ್ಷಮಿಸಿ’. ಇದೇ ಎಲ್ಲಕ್ಕಿಂತ ಅಪಾಯದ್ದು. ದೊಡ್ಡವರ ಮುಂದೆ ಹಾಗೆ ತಗ್ಗಿ ಮಾತಾಡುವುದು ನಮ್ಮ ರೂಢಿ, ಮಗಳು ಮರ್ಯಾದೆಗೆಂದೇ ಬರೆದಿದ್ದಾಳೆ. ಆದರೆ ಕಡತದಲ್ಲಿ ಕೂತ ಮೇಲೆ ಅದು ಮರ್ಯಾದೆಯಾಗಿ ಉಳಿಯುವುದಿಲ್ಲ. ‘ಚಾಲಕನೇ ಕ್ಷಮೆ ಕೇಳಿದ್ದಾನೆ’ ಎಂದು ಓದಿಕೊಳ್ಳುತ್ತಾರೆ. ಹಣ ಹಿಡಿಯಲು ನಿಮ್ಮ ಅಲಕ್ಷ್ಯವೇ ಕಾರಣವಾಗಬೇಕು ಎಂದೆನಲ್ಲ, ಆ ಕಾರಣವನ್ನು ನೀವೇ ಬರೆದುಕೊಟ್ಟಂತಾಗುತ್ತದೆ. ಮರ್ಯಾದೆ ತೋರಿಸಲು ‘ಮಾನ್ಯರೇ’ ಮತ್ತು ‘ಕೋರುತ್ತೇನೆ’ ಎರಡು ಸಾಕು.

ಇವಲ್ಲದೆ ಮನೆಯ ಸಾಲ, ಹೆಂಡತಿಯ ಆಸ್ಪತ್ರೆ ಖರ್ಚು, ಮಳೆಗಾಲದಲ್ಲಿ ಸೋರುವ ಸೂರು ಎಲ್ಲ ಬಂದಿವೆ. ಅವು ನಿಜವಾದ ಕಷ್ಟಗಳೇ. ಆದರೆ ಅವನ್ನು ಬರೆದರೆ ಈ ಪತ್ರ ಸಹಾಯ ಬೇಡುವ ಅರ್ಜಿಯಾಗುತ್ತದೆ. ಕನಿಕರಕ್ಕೆ ಐನೂರೋ ಸಾವಿರವೋ ಅಡ್ವಾನ್ಸ್ ಕೊಟ್ಟು ಕಳಿಸಿಬಿಡಬಹುದು. ನೀವು ಕೇಳುತ್ತಿರುವುದು ನಿಮ್ಮ ಸಂಬಳ.

ಹಾಗಾದರೆ ಪತ್ರ ನಿಲ್ಲುವುದು ಯಾವುದರ ಮೇಲೆ? ಸೀಲಿನ ಮೇಲೆ. ಓದುಗರಲ್ಲಿ ಎಲ್ಲರಿಗೂ ಇದು ಗೊತ್ತಿರಲಿಕ್ಕಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕಂಟೇನರ್ ತುಂಬಿದ ಮೇಲೆ ಬಾಗಿಲ ಚಿಲಕಕ್ಕೆ ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ ಒಂದು ಸೀಲ್ ಹಾಕುತ್ತಾರೆ. ಪ್ರತಿ ಸೀಲಿಗೂ ಒಂದು ನಂಬರು ಇರುತ್ತದೆ. ಒಮ್ಮೆ ಹಾಕಿದರೆ ಕತ್ತರಿಸದೆ ತೆಗೆಯಲು ಬರುವುದಿಲ್ಲ, ಕತ್ತರಿಸಿದ್ದನ್ನು ಮತ್ತೆ ಹಾಕಲೂ ಬರುವುದಿಲ್ಲ. ಆ ನಂಬರನ್ನು ಎಲ್‌ಆರ್ (ಸರಕು ಹತ್ತಿಸಿದಾಗ ಕೊಡುವ ಲಾರಿ ರಸೀದಿ) ಮೇಲೆ ಬರೆಯುತ್ತಾರೆ. ಇಳಿಸುವ ಕಡೆ ಮೊದಲು ನಂಬರು ತಾಳೆ ನೋಡಿ ಆಮೇಲೆ ಕತ್ತರಿಸುತ್ತಾರೆ. ನಂಬರು ಅದೇ ಆಗಿದ್ದು ಸೀಲೂ ಗಟ್ಟಿಯಾಗಿದ್ದರೆ, ದಾರಿಯಲ್ಲಿ ಬಾಗಿಲು ತೆರೆದಿಲ್ಲ ಎಂದಾಯಿತು. ಆಗ ಕಡಿಮೆ ಬಂದ ಬಾಕ್ಸ್ ಒಂದೋ ಹತ್ತಿಸುವಾಗಲೇ ಬಿಟ್ಟುಹೋಗಿದೆ, ಇಲ್ಲವೇ ಎಣಿಕೆ ತಪ್ಪಿದೆ.

ನಿಮ್ಮ ಎಲ್‌ಆರ್ ನಕಲು ನೋಡಿದೆ. ಸರಕಿನ ವಿವರದ ಕೆಳಗೆ ಆರು ಅಂಕಿಯ ಸೀಲ್ ನಂಬರು ನೀಲಿ ಪೆನ್ನಿನಲ್ಲಿದೆ. ಪಿಒಡಿಯ ಫೋಟೋದಲ್ಲಿ ಗೋಡೌನಿನ ಮೊಹರಿನ ಪಕ್ಕ ಅದೇ ಆರು ಅಂಕಿ, ಅದರ ಮುಂದೆ ‘ಸೀಲ್ ಓಕೆ, 2 ಬಾಕ್ಸ್ ಶಾರ್ಟೇಜ್’ ಎಂದಿದೆ, ಕೆಳಗೆ ಸಹಿ ಇದೆ. ಬಾಡಿಗೆ ಲೆಕ್ಕಕ್ಕಾಗಿ ನೀವು ಈ ಫೋಟೋವನ್ನು ಅದೇ ದಿನ ಆಫೀಸಿನ ವಾಟ್ಸ್‌ಆ್ಯಪ್‌ಗೆ ಕಳಿಸಿದ್ದೀರಿ. ಅಸಲು ಪಿಒಡಿ ಆಫೀಸಿಗೆ ಒಪ್ಪಿಸಿಬಿಟ್ಟೆ ಎಂದು ಪೇಚಾಡಬೇಡಿ. ಕಳಿಸಿದ ದಿನ, ಗಂಟೆ ಎರಡೂ ಫೋನಿನಲ್ಲಿವೆ. ಆ ಚಾಟ್ ಅಳಿಸಬೇಡಿ, ಫೋನ್ ಬದಲಿಸುವುದಿದ್ದರೆ ಮೊದಲು ಅದನ್ನು ಮಗಳಿಗೂ ಕಳಿಸಿಡಿ.

ಒಂದು ಎಚ್ಚರಿಕೆ. ಸೀಲ್ ಮುಟ್ಟದೆ ಬಾಗಿಲ ತಿರುಗಣಿಯ ಬೋಲ್ಟ್ ಬಿಚ್ಚಿ ಸರಕು ತೆಗೆದ ಪ್ರಕರಣಗಳೂ ಸಾಗಣೆ ಲೋಕದಲ್ಲಿ ಆಗಿವೆ. ವಿಮೆಯವರು ಪರಿಶೀಲನೆಗೆ ಬಂದರೆ ಮೊದಲು ನೋಡುವುದು ಆ ಬೋಲ್ಟ್‌ಗಳ ಬಣ್ಣ ಕಿತ್ತಿದೆಯೇ ಎಂದು. ಹಾಗಾಗಿ ‘ದಾರಿಯಲ್ಲಿ ಏನೂ ಆಗಿರಲು ಸಾಧ್ಯವೇ ಇಲ್ಲ’ ಎಂದು ಬರೆಯಬೇಡಿ. ‘ಸೀಲ್ ಒಡೆದಿರಲಿಲ್ಲ, ನಂಬರು ಅದೇ ಇತ್ತು’ ಎಂದಷ್ಟೇ ಬರೆಯಿರಿ. ಕಾಗದದಲ್ಲಿ ಇರುವಷ್ಟನ್ನೇ ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ತಾಡಪತ್ರಿ ಕಟ್ಟಿದ ಲಾರಿಗೆ ಈ ಆಸರೆ ಇರುವುದಿಲ್ಲ. ಅದನ್ನು ಓಡಿಸುವವರು ಹತ್ತಿಸುವಾಗ ತಾವೇ ಎಣಿಸಬೇಕು, ಎಣಿಸಲು ಬಿಡದಿದ್ದರೆ ಎಲ್‌ಆರ್ ಮೇಲೆ ಸಹಿ ಹಾಕುವ ಮೊದಲು ‘ಎಣಿಸಿಲ್ಲ’ ಎಂದು ಬರೆಸಬೇಕು.

ಪತ್ರವನ್ನು ಹೊಸದಾಗಿ ಬರೆಯಲು ಸಂಜೆ ಅರ್ಧ ಗಂಟೆ ಸಾಕು. ಮಗಳು ಪೆನ್ನು ಹಿಡಿಯುವ ಮೊದಲು ನೀವು ನಡೆದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಅವಳು ನಡುವೆ ಮೂರೇ ಪ್ರಶ್ನೆ ಕೇಳಲಿ: ಯಾವತ್ತು? ನೀವೇ ನೋಡಿದಿರಾ? ಅದು ಯಾವ ಕಾಗದದಲ್ಲಿದೆ? ‘ನೋಡಿಲ್ಲ’ ಎಂದು ನೀವು ಹೇಳಿದ್ದು ಪತ್ರಕ್ಕೆ ಬರುವುದು ಬೇಡ. ಬರೆದ ಮೇಲೆ ಅವಳು ನಿಧಾನವಾಗಿ ಓದಿ ಹೇಳಲಿ, ನಿಮ್ಮ ಬಾಯಲ್ಲಿ ಬಾರದ ಪದ ಬಂದಲ್ಲಿ ತಡೆಯಿರಿ. ‘ಸನ್ನಿಧಾನದಲ್ಲಿ ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ’ ಅನ್ನುವುದು ಶಾಲೆಯ ವ್ಯಾಕರಣ ಪುಸ್ತಕದ ಮಾತು. ನಾಳೆ ಮ್ಯಾನೇಜರು ಪತ್ರ ಕೈಯಲ್ಲಿ ಹಿಡಿದು ‘ಇದೇನು ಬರೆದಿದ್ದೀಯ?’ ಎಂದು ಕೇಳಿದಾಗ ನೀವು ಅದೇ ಮಾತಿನಲ್ಲಿ ಹೇಳುವಂತಿರಬೇಕು.

ನೀವು ಕಳಿಸಿದ ವಿವರದಿಂದ ಒಂದು ಮಾದರಿ ಮಾಡಿದ್ದೇನೆ. ಖಾಲಿ ಜಾಗ ತುಂಬಿಕೊಳ್ಳಿ.

> ದಿನಾಂಕ: 10-02-2026
>
> ಶಾಖಾ ವ್ಯವಸ್ಥಾಪಕರಿಗೆ,
> (ಕಂಪನಿಯ ಹೆಸರು, ಶಾಖೆ)
>
> ವಿಷಯ: ಜನವರಿ ಸಂಬಳದಲ್ಲಿ ಹಿಡಿದ ₹6,840 ವಾಪಸು ಕೊಡುವ ಬಗ್ಗೆ.
>
> ಮಾನ್ಯರೇ,
>
> ನಾನು ನಿಮ್ಮಲ್ಲಿ ಚಾಲಕ. ನನ್ನ ನೌಕರ ಸಂಖ್ಯೆ ........ ಗಾಡಿ ಸಂಖ್ಯೆ ........
>
> ಜನವರಿ 12ರಂದು ಹುಬ್ಬಳ್ಳಿ ಗೋಡೌನಿನಲ್ಲಿ ಗಾಡಿಗೆ ಸರಕು ತುಂಬಿದರು. ಎಲ್‌ಆರ್ ಸಂಖ್ಯೆ ........ ತುಂಬುವಾಗ ಎಣಿಸಲು ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲಿಗೆ ಗೋಡೌನಿನವರೇ ಸೀಲ್ ಹಾಕಿದರು. ಸೀಲ್ ನಂಬರು ........ ಎಲ್‌ಆರ್ ಮೇಲೆ ಇದೆ.
>
> ಜನವರಿ 13ರಂದು ಬೆಳಿಗ್ಗೆ ಬೆಂಗಳೂರಿನ ಗೋಡೌನಿನಲ್ಲಿ ಅವರೇ ಸೀಲ್ ಕತ್ತರಿಸಿದರು. ಅಲ್ಲಿಯವರೆಗೆ ಸೀಲ್ ಒಡೆದಿರಲಿಲ್ಲ, ನಂಬರು ಅದೇ ಇತ್ತು. ಎಣಿಸಿದಾಗ 2 ಬಾಕ್ಸ್ ಕಡಿಮೆ ಬಂತು. ಅವರು ಪಿಒಡಿ ಮೇಲೆ ಸೀಲ್ ಸರಿಯಿದೆ ಎಂದೂ 2 ಬಾಕ್ಸ್ ಕಡಿಮೆ ಎಂದೂ ಬರೆದು ಸಹಿ ಹಾಕಿದ್ದಾರೆ. ಅದರ ಫೋಟೋವನ್ನು ನಾನು ಅದೇ ದಿನ ಆಫೀಸಿಗೆ ಕಳಿಸಿದ್ದೇನೆ.
>
> ಜನವರಿ ಸಂಬಳದಲ್ಲಿ ಈ ಬಾಕ್ಸ್‌ಗಳಿಗಾಗಿ ₹6,840 ಹಿಡಿದಿದ್ದೀರಿ. ಹಿಡಿಯುವ ಮೊದಲು ನನ್ನನ್ನು ಕೇಳಲಿಲ್ಲ.
>
> ಈ ಹಣ ವಾಪಸು ಕೊಡಬೇಕೆಂದು ಕೋರುತ್ತೇನೆ. ಕೊಡಲಾಗದಿದ್ದರೆ ಕಾರಣವನ್ನೂ ₹6,840 ಹೇಗೆ ಲೆಕ್ಕ ಹಾಕಿದಿರಿ ಎಂಬುದನ್ನೂ ಫೆಬ್ರವರಿ 25ರೊಳಗೆ ಬರೆದು ತಿಳಿಸಿ.
>
> ಇಂತಿ,
> (ಸಹಿ, ಹೆಸರು, ಫೋನ್ ಸಂಖ್ಯೆ)
>
> ಜೊತೆಗೆ: ಎಲ್‌ಆರ್ ನಕಲು, ಪಿಒಡಿ ಫೋಟೋ, ಜನವರಿ ಸಂಬಳ ಚೀಟಿಯ ನಕಲು.
>
> ಈ ಪತ್ರವನ್ನು ನಾನು ಹೇಳಿ ಮಗಳಿಂದ ಬರೆಸಿದ್ದೇನೆ. ಓದಿಸಿ ಕೇಳಿದ್ದೇನೆ, ಸರಿಯಿದೆ.

ಕೊನೆಯ ಸಾಲನ್ನು ನಾಚಿಕೆಯಿಂದ ಬಿಡಬೇಡಿ. ‘ಇದು ನಿನ್ನ ಅಕ್ಷರವಲ್ಲ, ಯಾರೋ ಬರೆಸಿದ್ದು’ ಎಂದು ಎತ್ತಾಡುವುದಕ್ಕೆ ಅದು ಮೊದಲೇ ಕೊಟ್ಟ ಉತ್ತರ. ನಿಮಗೆ ಸಹಿ ಬರುವುದರಿಂದ ಸಾಕ್ಷಿ ಬೇಕಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ಹೆಸರು ಬರೆಸಿ, ಓದಿ ಹೇಳಿದ್ದನ್ನು ಕಂಡ ಒಬ್ಬರಿಂದ ಸಹಿ ಹಾಕಿಸಬೇಕು. ಹದಿನೆಂಟು ತುಂಬದ ಮಕ್ಕಳು ಪತ್ರ ಬರೆದುಕೊಡಲಿ, ಸಾಕ್ಷಿ ಸಹಿ ಮಾತ್ರ ದೊಡ್ಡವರದಾಗಿರಲಿ.

₹6,840 ಎಂದರೆ ಬಾಕ್ಸಿಗೆ ₹3,420. ಅದು ಕಂಪನಿ ಸರಕಿನವರಿಗೆ ನಿಜವಾಗಿ ತುಂಬಿಕೊಟ್ಟ ಹಣವೋ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಗಡಿ ಬೆಲೆಯೋ ನಮಗೆ ಕಾಣುವುದಿಲ್ಲ. ಲೆಕ್ಕ ಕೇಳಿದ್ದು ಅದಕ್ಕೇ. ಪೂರ್ತಿ ಹಣ ಬಾರದಿದ್ದರೂ ಲೆಕ್ಕ ತೋರಿಸುವಾಗ ಒಂದಿಷ್ಟು ಇಳಿಯುವುದುಂಟು.

ಪತ್ರದ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆಫೀಸಿನ ಮೊಹರು, ತಾರೀಕು, ಪಡೆದವರ ಸಹಿ ಹಾಕಿಸಿಕೊಳ್ಳಿ. ‘ಆಯ್ತು, ಇಟ್ಟು ಹೋಗು’ ಎಂದರೆ ಇಟ್ಟು ಬರಬೇಡಿ. ಜಗಳವೂ ಬೇಡ. ‘ಸರಿ ಸಾರ್’ ಎಂದು ವಾಪಸು ತಂದು ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಸ್ಪೀಡ್ ಪೋಸ್ಟಿನಲ್ಲೇ ನೋಂದಣಿ ಮಾಡಿ ಕಳಿಸಿ ಎಂದು ಕೇಳಿದರೆ ಮಾಡಿಕೊಡುತ್ತಾರೆ. ಆ ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಮಾಡಿ ಇಡಿ.

ಹೇಳಿದ ದಿನದೊಳಗೆ ಉತ್ತರ ಬಾರದಿದ್ದರೆ ಇವೇ ಕಾಗದಗಳೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಇಂಥ ಹಣಕ್ಕೆ ಅರ್ಜಿ ಹಾಕಲು ವೇತನ ಸಂಹಿತೆ ಮೂರು ವರ್ಷದ ಅವಧಿ ಕೊಟ್ಟಿದೆ, ಆತುರವಿಲ್ಲ. ಇನ್ನೊಂದನ್ನು ಮಾತ್ರ ಎಲ್ಲ ಚಾಲಕರೂ ಮೊದಲೇ ನೋಡಿಕೊಳ್ಳಬೇಕು: ಸಂಬಳ ಚೀಟಿಯ ಮೇಲೆ ಯಾರ ಹೆಸರಿದೆ? ಕಂಪನಿಯ ಬಣ್ಣ ಬಳಿದಿದ್ದರೂ ಅನೇಕ ಗಾಡಿಗಳು ಬೇರೆ ಮಾಲೀಕರವು, ಸಂಬಳ ಕೊಡುವವರೂ ಅವರೇ. ನಿಮ್ಮದು ಕಂಪನಿಯ ಚೀಟಿ, ಹಾಗಾಗಿ ತೊಂದರೆಯಿಲ್ಲ. ಮಾಲೀಕರು ಸಂಬಳ ಕೊಡುವಂತಿದ್ದರೆ ಪತ್ರ ಅವರ ಹೆಸರಿಗೆ ಹೋಗಬೇಕು, ಕಂಪನಿಗೆ ಒಂದು ಪ್ರತಿ.

ಪ್ರಶ್ನೆ: ನನ್ನ ಮೈದುನ ಮೊಬೈಲ್ ಆ್ಯಪ್ ಮೂಲಕ ಪಾರ್ಸೆಲ್ ಹಂಚುತ್ತಾನೆ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಕಳೆದ ಸೋಮವಾರದಿಂದ ಅವನ ಐಡಿ ಬ್ಲಾಕ್ ಆಗಿದೆ. ಕಾರಣ ಹೇಳುತ್ತಿಲ್ಲ. ಹಬ್‌ನಲ್ಲಿ ಕೇಳಿದರೆ ‘ಮೇಲ್ ಹಾಕು’ ಅನ್ನುತ್ತಾರೆ. ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನು ಊಟ ಸರಿಯಾಗಿ ಮಾಡುತ್ತಿಲ್ಲ. ಏನು ಬರೆಯಲಿ?
— ಒಬ್ಬ ಅತ್ತಿಗೆ, ಮೈಸೂರು

ಉತ್ತರ: ದಿನದ ಗಳಿಕೆ ನಿಂತಾಗ, ಅದೂ ಯಾಕೆಂದು ಗೊತ್ತಿಲ್ಲದೆ ನಿಂತಾಗ, ಊಟ ಸೇರದಿರುವುದು ಸಹಜ. ಆದರೆ ಬ್ಲಾಕ್ ಆದ ಐಡಿಗಳೆಲ್ಲ ಶಾಶ್ವತವಾಗಿ ಹೋದವಲ್ಲ ಎಂದು ಅವರಿಗೆ ಹೇಳಿ. ಗಾಡಿಯ ವಿಮೆ ಅಥವಾ ಲೈಸೆನ್ಸಿನ ಅವಧಿ ಮುಗಿದಿದ್ದರೂ ಐಡಿ ನಿಲ್ಲುತ್ತದೆ, ವಸೂಲಾದ ನಗದು ಹಬ್‌ಗೆ ಕಟ್ಟಿದ್ದು ಲೆಕ್ಕಕ್ಕೆ ಹತ್ತದಿದ್ದರೂ ನಿಲ್ಲುತ್ತದೆ. ಮೊದಲು ಈ ಎರಡನ್ನು ಆ್ಯಪ್‌ನಲ್ಲಿ ಒಟ್ಟಿಗೆ ಕೂತು ನೋಡಿ.

ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಬಲ್ಲವರು ಸಿಗಲಿ ಎಂದು ಕಾಯುತ್ತಾ ಒಂದು ವಾರ ಕಳೆದದ್ದೇ ಸಾಕು. ಕರ್ನಾಟಕದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಪಡೆದು ಕೆಲಸಕ್ಕಿಷ್ಟು ಎಂದು ಹಣ ಪಡೆಯುವವರ) ಕಾಯ್ದೆಯಲ್ಲಿ ಸರಕು ಸಾಗಣೆಯೂ ಸೇರಿದೆ. ಕರಾರು ಕಾರ್ಮಿಕರಿಗೆ ತಿಳಿಯುವ ಸರಳ ಭಾಷೆಯಲ್ಲಿ ಇರಬೇಕು, ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ತಿಳಿಸಿ ಹದಿನಾಲ್ಕು ದಿನ ಮೊದಲೇ ಸೂಚನೆ ಕೊಡಬೇಕು ಎಂದು ಅದು ಹೇಳುತ್ತದೆ. ಅಂದರೆ ಕಾರಣ ಕೇಳುವುದು ಬೇಡುವುದಲ್ಲ.

ಇಷ್ಟು ಬರೆಯಿರಿ: ‘ನನ್ನ ಐಡಿ ಸಂಖ್ಯೆ ಇಂಥದ್ದು. ಇಂಥ ಹಬ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ದಿನ ಬೆಳಿಗ್ಗೆಯಿಂದ ಐಡಿ ತೆರೆಯುತ್ತಿಲ್ಲ. ಪರದೆಯ ಮೇಲೆ ಬರುವ ಸಂದೇಶದ ಫೋಟೋ ಇಟ್ಟಿದ್ದೇನೆ. ಕಾರಣವನ್ನು ಬರೆದು ತಿಳಿಸಿ. ನನ್ನ ಹೇಳಿಕೆ ಕೇಳಿ ಐಡಿ ತೆರೆದುಕೊಡಿ. ಅಲ್ಲಿಯವರೆಗಿನ ಕೆಲಸದ ಹಣ ಇಷ್ಟು ಬರಬೇಕಿದೆ, ಅದನ್ನು ಜಮಾ ಮಾಡಿ.’ ಕೊನೆಯ ಮಾತನ್ನು ಬಹಳ ಜನ ಮರೆಯುತ್ತಾರೆ. ಐಡಿ ನಿಂತರೂ ಮಾಡಿದ ಕೆಲಸದ ಹಣ ಅವರದೇ.

ಮೇಲ್ ಹೋಗಬೇಕಾದದ್ದು ಅವರ ಹೆಸರಿನ ಖಾತೆಯಿಂದ, ಆ್ಯಪ್‌ನಲ್ಲಿ ನೋಂದಣಿಯಾದ ಖಾತೆಯಿಂದಲೇ. ನಿಮ್ಮ ಮೇಲ್‌ನಿಂದ ಕಳಿಸಿದರೆ ಬೇರೆಯವರ ಖಾತೆಯ ವಿವರ ಕೊಡಲಾಗುವುದಿಲ್ಲ ಎಂಬ ಉತ್ತರ ಬರುತ್ತದೆ. ‘ಈ ಮಾತನ್ನು ನನ್ನ ಅತ್ತಿಗೆ ಬರೆದುಕೊಟ್ಟಿದ್ದಾರೆ, ಫೋನ್ ಮಾಡುವುದಾದರೆ ಕನ್ನಡದಲ್ಲಿ ಮಾತಾಡಿ’ ಎಂದು ಕೊನೆಗೆ ಸೇರಿಸಿ. ಫೋನ್ ಬಂದಾಗ ಓಟಿಪಿ ಕೇಳಿದರೆ ಕೊಡಬಾರದು. ಬ್ಲಾಕ್ ಆದ ಐಡಿ ತೆರೆಸಿಕೊಡುತ್ತೇವೆ ಎಂದು ಹಣ ಕೇಳುವವರೂ ಸುತ್ತಮುತ್ತ ಇರುತ್ತಾರೆ, ಅವರಿಗೂ ಬೇಡ ಎನ್ನಿ.

ಪ್ರಶ್ನೆ: ನನ್ನ ಯಜಮಾನರು ಟ್ರೈಲರ್ ಓಡಿಸುತ್ತಾರೆ. ಈಗ ಗುಜರಾತ್ ಕಡೆ ಇದ್ದಾರೆ. ಗಾಡಿ ತಡವಾದದ್ದಕ್ಕೆ ಮೂರು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕೆಂದು ಮನೆಗೆ ನೋಟಿಸ್ ಬಂದಿದೆ. ಅವರಿಗೆ ಓದಲು ಬರುವುದಿಲ್ಲ. ಅವರ ಸಹಿ ನನಗೆ ಗೊತ್ತು, ನಾನೇ ಹಾಕಿ ಕೊಡಲೇ?
— ಚಿತ್ರದುರ್ಗ

ಉತ್ತರ: ಗಾಬರಿಯಾಗಬೇಡಿ. ವಿವರಣೆ ಕೇಳಿದ್ದಾರೆ ಅಂದರೆ ಇನ್ನೂ ತೀರ್ಮಾನ ಮಾಡಿಲ್ಲ ಎಂದರ್ಥ. ಆದರೆ ಅವರ ಸಹಿಯನ್ನು ನೀವು ಖಂಡಿತ ಹಾಕಬೇಡಿ. ಅವರು ಗುಜರಾತಿನಲ್ಲಿ ಇದ್ದದ್ದು ಕಂಪನಿಯ ಜಿಪಿಎಸ್‌ನಲ್ಲೇ ಕಾಣುತ್ತದೆ. ಅದೇ ದಿನ ಚಿತ್ರದುರ್ಗದಲ್ಲಿ ಸಹಿ ಬಿದ್ದರೆ ತಡವಾದ ವಿಷಯ ಹಿಂದೆ ಸರಿದು ಸುಳ್ಳು ಸಹಿಯ ವಿಷಯ ಮುಂದೆ ಬರುತ್ತದೆ.

ನೋಟಿಸನ್ನು ಫೋನಿನಲ್ಲಿ ಅವರಿಗೆ ಪೂರ್ತಿ ಓದಿ ಹೇಳಿ. ಆಮೇಲೆ ನಿಮ್ಮ ಹೆಸರಿನಲ್ಲೇ ಎರಡು ಸಾಲು ಬರೆದು ಇವತ್ತೇ ಕೊಡಿ: ‘ನಾನು ಇಂಥವರ ಪತ್ನಿ. ನೋಟಿಸ್ ಇಂಥ ದಿನ ಮನೆಗೆ ತಲುಪಿದೆ. ಅವರು ನಿಮ್ಮದೇ ಗಾಡಿಯಲ್ಲಿ ಹೊರ ರಾಜ್ಯದಲ್ಲಿದ್ದಾರೆ. ವಾಪಸು ಬಂದ ಮೂರು ದಿನದೊಳಗೆ ವಿವರಣೆ ಕೊಡುತ್ತಾರೆ, ಅಲ್ಲಿಯವರೆಗೆ ಸಮಯ ಕೊಡಿ.’ ಕೆಳಗೆ ನಿಮ್ಮ ಸಹಿ. ಅಷ್ಟರಲ್ಲಿ ಅವರು ಗಾಡಿ ನಿಂತ ಜಾಗದ ಟೋಲ್ ಚೀಟಿ, ಡೀಸೆಲ್ ಬಿಲ್ಲು, ರಿಪೇರಿಯ ರಸೀದಿ ಜೋಪಾನ ಮಾಡಿಟ್ಟುಕೊಳ್ಳಲಿ. ತಡ ಯಾಕಾಯಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಅವರ ದನಿಯಲ್ಲಿ ವಾಟ್ಸ್‌ಆ್ಯಪ್‌ಗೆ ಹೇಳಿಸಿ ಇಟ್ಟುಕೊಳ್ಳಿ. ಅವರು ಬಂದ ಮೇಲೆ ಅದನ್ನು ಕೇಳುತ್ತಾ ಬರೆದರೆ ವಿವರಣೆ ಒಂದು ಪುಟ ದಾಟುವುದಿಲ್ಲ.

(ಓದುಗರಲ್ಲಿ ವಿನಂತಿ: ಪ್ರಶ್ನೆಯ ಜೊತೆ ಎಲ್‌ಆರ್, ಸಂಬಳ ಚೀಟಿ, ನೋಟಿಸ್ ಮುಂತಾದವುಗಳ ನಕಲು ಮಾತ್ರ ಕಳಿಸಿ. ಅಸಲು ನಿಮ್ಮ ಮನೆಯಲ್ಲೇ ಇರಲಿ.)